ಅಡಿಕೆ ಹಾಳೆ ತಟ್ಟೆಯ ಘಟಕಕ್ಕಾಗಿ ಸಂಬಳದ ಕೆಲಸ ಬಿಡುವ ಮೊದಲು ಹಾಕಬೇಕಾದ ಲೆಕ್ಕ

ಪ್ರಶ್ನೆ: ನನ್ನ ಮನೆ ಬದಿಯಡ್ಕದ ಹತ್ತಿರ. ಕಾಸರಗೋಡು ಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಕೈಗೆ 18,000 ರೂಪಾಯಿ ಸಂಬಳ, ಪಿ.ಎಫ್. ಮತ್ತು ಇ.ಎಸ್.ಐ. ಇದೆ. ಎರಡು ಲಕ್ಷ ಸಾಲ ಮಾಡಿ ಮೂರು ಅಚ್ಚಿನ ಅಡಿಕೆ ಹಾಳೆ ತಟ್ಟೆ ಯಂತ್ರ ಹಾಕಿದ್ದೇನೆ; ಕಂತು ಸಂಬಳದಿಂದ ಹೋಗುತ್ತದೆ. ಸಂಜೆ ಮತ್ತು ಆದಿತ್ಯವಾರ ಕೆಲಸ ಮಾಡಿ ತಿಂಗಳಿಗೆ ಸುಮಾರು 4,000 ಹಾಳೆ ಒತ್ತುತ್ತೇವೆ, ಖರ್ಚು ಕಳೆದು 8,400 ಉಳಿಯುತ್ತದೆ. ಪೂರ್ತಿ ಸಮಯ ಕೊಟ್ಟರೆ ಇದರ ಮೂರು ಪಟ್ಟು, ಅಂದರೆ 25,000 ಉಳಿಯಬಹುದು. ಬರುವ ಜೂನ್‌ನಲ್ಲಿ ಕೆಲಸ ಬಿಡಬೇಕೆಂದಿದ್ದೇನೆ. ವರ್ಷದ ಗುರಿ, ತಿಂಗಳ ಗುರಿ ಹೇಗೆ ಹಾಕಿಕೊಳ್ಳಬೇಕು? ಮುಂದೆ ರಫ್ತು ಮಾಡುವ ಆಲೋಚನೆಯೂ ಇದೆ.

ಉತ್ತರ: ನೀವು ಕಳುಹಿಸಿದ ಪುಸ್ತಕದ ಪುಟಗಳನ್ನು ನೋಡಿದೆ. ಬರೆದ ಅಂಕಿಗಳೆಲ್ಲ ಸರಿಯಾಗಿವೆ. ಆದರೆ ಆ 8,400 ರೂಪಾಯಿ ಘಟಕದ ಲಾಭವಲ್ಲ. ಯಂತ್ರದ ಕಂತು ಸಂಬಳದಿಂದ ಹೋಗುತ್ತಿರುವುದರಿಂದ ಅದು ಘಟಕದ ಖರ್ಚಿನ ಸಾಲಿನಲ್ಲಿ ಕಾಣಿಸುತ್ತಿಲ್ಲ. ಸವೆಯುವ ಅಚ್ಚಿಗೂ ಸುಟ್ಟುಹೋಗುವ ಹೀಟರಿಗೂ ನೀವು ಏನನ್ನೂ ತೆಗೆದಿರಿಸಿಲ್ಲ. ಸ್ಕೂಟರಿನ ಪೆಟ್ರೋಲು ಮಾತ್ರ ಬರೆದಿದ್ದೀರಿ, ದುರಸ್ತಿ ಬರೆದಿಲ್ಲ. ಹಾಗಾಗಿ ಮೊದಲು ಖರ್ಚನ್ನು ಎರಡಾಗಿ ವಿಂಗಡಿಸಿಕೊಳ್ಳೋಣ. ಒಂದು, ಹಾಳೆ ಒತ್ತಿದಷ್ಟಕ್ಕೆ ಮಾತ್ರ ಬರುವ ಖರ್ಚು. ಇನ್ನೊಂದು, ಒಂದೇ ಒಂದು ಹಾಳೆ ಒತ್ತದಿದ್ದರೂ ತಿಂಗಳ ಕೊನೆಗೆ ಕೊಡಲೇಬೇಕಾದ ಖರ್ಚು.

ಈ ಉದ್ಯಮದಲ್ಲಿ ಲೆಕ್ಕದ ಅಳತೆಯಾಗಿ ತಟ್ಟೆಯನ್ನು ಹಿಡಿದರೆ ದಾರಿ ತಪ್ಪುತ್ತದೆ. ಒಂದೇ ಹಾಳೆಯಿಂದ ಅಗಲದ ಭಾಗದಲ್ಲಿ ದೊಡ್ಡ ತಟ್ಟೆಯೂ ಉಳಿದ ತುಂಡಿನಲ್ಲಿ ಬಟ್ಟಲೂ ಬರುವುದರಿಂದ, ತಟ್ಟೆಗೆ ಬೇರೆ, ಬಟ್ಟಲಿಗೆ ಬೇರೆ ಎಂದು ಹಾಳೆಯ ಬೆಲೆಯನ್ನು ಹಂಚಲು ಹೊರಟರೆ ಯಾವುದೋ ಒಂದು ಲಾಭದಲ್ಲಿರುವಂತೆ, ಇನ್ನೊಂದು ನಷ್ಟದಲ್ಲಿರುವಂತೆ ಸುಳ್ಳು ಚಿತ್ರ ಸಿಗುತ್ತದೆ. ನೂರು ಹಾಳೆಯನ್ನು ಅಳತೆಯಾಗಿ ಇಟ್ಟುಕೊಳ್ಳಿ. ನಿಮ್ಮ ಪುಸ್ತಕದ ಪ್ರಕಾರ ನೂರು ಹಾಳೆಯಲ್ಲಿ 12 ಹಾಳಾಗಿ 88 ಒಳ್ಳೆಯ ತಟ್ಟೆ ಬರುತ್ತದೆ. ಅರ್ಧ ಭಾಗ ಅಂಗಡಿಗೆ 3.50ಕ್ಕೆ, ಅರ್ಧ ಭಾಗ ಅಡುಗೆಯವರಿಗೂ ಮದುವೆ ಮನೆಗಳಿಗೂ ನೇರವಾಗಿ 4.50ಕ್ಕೆ ಹೋಗುವುದರಿಂದ ಸರಾಸರಿ 4 ರೂಪಾಯಿ. ಹಾಗೆ 352 ರೂಪಾಯಿ. ಬಟ್ಟಲು 60, ತಲಾ 1.50ರಂತೆ 90 ರೂಪಾಯಿ. ಒಟ್ಟು 442. ಇದಕ್ಕೆ ಎದುರಾಗಿ ಹಾಳೆಗೆ ಮತ್ತು ಅದನ್ನು ತೋಟದಿಂದ ತರುವುದಕ್ಕೆ 125, ವಿದ್ಯುತ್ತಿಗೆ 32, ತೊಳೆದು ಅಂಚು ಕತ್ತರಿಸುವವರ ಕೂಲಿ 45, ಕಟ್ಟುವುದಕ್ಕೆ 15, ತಲುಪಿಸುವುದಕ್ಕೆ 15, ಒಟ್ಟು 232. ಆದ್ದರಿಂದ ನೂರು ಹಾಳೆ ನಿಮಗೆ ಬಿಟ್ಟುಕೊಡುವುದು 210 ರೂಪಾಯಿ. ಇದನ್ನು ಉಳಿಕೆ ಎಂದು ಕರೆಯೋಣ. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಈ ಒಂದು ಅಂಕಿಯ ಮೇಲೆ.

ಇನ್ನು ಸ್ಥಿರ ಖರ್ಚು. ಸಾಲದ ಕಂತು 4,500, ಅಚ್ಚು ಮತ್ತು ಹೀಟರಿಗಾಗಿ ತೆಗೆದಿರಿಸಬೇಕಾದದ್ದು 1,500, ವಿದ್ಯುತ್ತಿನ ಸ್ಥಿರ ಶುಲ್ಕ ಸುಮಾರು 800, ವಾಹನದ ದುರಸ್ತಿ ಮತ್ತು ಫೋನು ಸೇರಿ 1,700, ಶೆಡ್ಡಿನ ಮತ್ತು ದಾಸ್ತಾನಿನ ವಿಮೆಗೆ 500. ಒಟ್ಟು 9,000. ಲೆಕ್ಕಶಾಸ್ತ್ರದ ಪ್ರಕಾರ ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚು, ಅಸಲು ಖರ್ಚಲ್ಲ, ಅದರ ಬದಲಿಗೆ ಯಂತ್ರದ ಸವಕಳಿಯನ್ನು ಹಿಡಿಯಬೇಕು ಎಂದು ನೀವು ಹೇಳಬಹುದು. ವಾರ್ಷಿಕ ಲೆಕ್ಕಪತ್ರಕ್ಕೆ ಅದು ಸರಿ. ಕೆಲಸ ಬಿಡಬಹುದೋ ಇಲ್ಲವೋ ಎಂಬ ನಿರ್ಧಾರಕ್ಕೆ ಮಾತ್ರ ತಿಂಗಳು ತಿಂಗಳು ಕೈಯಿಂದ ಹೊರಹೋಗುವ ಹಣವನ್ನೇ ನೋಡಬೇಕು, ಏಕೆಂದರೆ ಬ್ಯಾಂಕು ನಿಮ್ಮಿಂದ ಕೇಳುವುದು ಸವಕಳಿಯನ್ನಲ್ಲ, ಕಂತನ್ನು.

9,000ವನ್ನು ಒಂದು ಹಾಳೆಯ ಉಳಿಕೆಯಾದ 2.10ರಿಂದ ಭಾಗಿಸಿದರೆ ಸುಮಾರು 4,300 ಹಾಳೆ. ಘಟಕ ತನ್ನ ಖರ್ಚನ್ನು ತಾನೇ ಹೊತ್ತುಕೊಳ್ಳುವ ಬ್ರೇಕ್ ಈವನ್ ಬಿಂದು ಇದು. ನೀವು ಈಗ ಒತ್ತುತ್ತಿರುವುದು 4,000. ಅಂದರೆ ನಿಮ್ಮ ಸಂಜೆಯ ದುಡಿಮೆಗೆ ಒಂದು ರೂಪಾಯಿ ಕೂಲಿ ಹಿಡಿಯದೆಯೂ ತಿಂಗಳಿಗೆ 600 ರೂಪಾಯಿ ಸಂಬಳದಿಂದ ಘಟಕಕ್ಕೆ ಸೋರುತ್ತಿದೆ. ಮೂರು ಪಟ್ಟು ಮಾಡಿದರೂ 25,200ರಲ್ಲಿ 9,000 ಕಳೆದು 16,200 ಉಳಿಯುತ್ತದೆ. ಅದು ಈಗಿನ ಸಂಬಳಕ್ಕಿಂತ ಕಡಿಮೆ.

ಆದರೆ ನಿಮಗೆ ಮುಖ್ಯವಾದ ಬಿಂದು ಇದಲ್ಲ. ಕೆಲಸ ಬಿಟ್ಟ ದಿನದಿಂದ ಮನೆ ನಡೆಯಬೇಕಾದದ್ದೂ ಈ ಘಟಕದಿಂದಲೇ. ಕೈಗೆ ಬರುವ 18,000ದ ಜೊತೆಗೆ, ಇಂದು ನಿಮ್ಮ ಕಣ್ಣಿಗೆ ಬೀಳದೆ ಸಿಗುತ್ತಿರುವ ಎರಡು ಸವಲತ್ತುಗಳಿಗೂ ಬೆಲೆ ಕಟ್ಟಬೇಕು. ಪಿ.ಎಫ್.ಗೆ ಮಾಲಿಕರು ಹಾಕುವ ಪಾಲು ಮತ್ತು ನಿಮ್ಮ ಪಾಲು ಎರಡೂ ನಿಲ್ಲುತ್ತವೆ. ಅದರ ಬದಲಿಗೆ ತಿಂಗಳಿಗೆ 3,000ವನ್ನಾದರೂ ನೀವೇ ಉಳಿಸಬೇಕು. ಇ.ಎಸ್.ಐ. ಇಡೀ ಕುಟುಂಬದ ಚಿಕಿತ್ಸೆಯನ್ನು ನೋಡಿಕೊಳ್ಳುತ್ತಿದೆ. ಅದರ ಬದಲಿಗೆ ಕುಟುಂಬದ ಆರೋಗ್ಯ ವಿಮೆಗೆ ತಿಂಗಳಿಗೆ 1,000 ಇಡಿ. ಹಾಗೆ ಮನೆಗೆ ಬೇಕಾದದ್ದು 22,000, ಘಟಕದ ಸ್ಥಿರ ಖರ್ಚು 9,000, ಒಟ್ಟು 31,000. ಇದನ್ನು 2.10ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 14,800 ಹಾಳೆ. ಮನೆಯನ್ನೂ ಸೇರಿಸಿದ ನಿಜವಾದ ಬ್ರೇಕ್ ಈವನ್ ಇದು.

ಈಗ ಈ ಅಂಕಿಯನ್ನು ಯಂತ್ರದ ಮುಂದೆ ಇಟ್ಟು ನೋಡಬೇಕು. ಬಹಳ ಮಂದಿ ಬಿಟ್ಟುಬಿಡುವ ಹೆಜ್ಜೆ ಇದೇ. ನಿಮ್ಮ ಮೂರು ಅಚ್ಚಿನಲ್ಲಿ ಎರಡು ತಟ್ಟೆಯದು, ಒಂದು ಬಟ್ಟಲಿನದು. ಇಡುವ, ಒತ್ತುವ, ತೆಗೆಯುವ ಸಮಯ ಸೇರಿದರೆ ನಿಮ್ಮ ಪುಸ್ತಕದ ಪ್ರಕಾರ ಗಂಟೆಗೆ 60 ಹಾಳೆ ಆಗುತ್ತದೆ. 14,800 ಹಾಳೆಯನ್ನು 25 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ 592. ಅಂದರೆ ಅಚ್ಚಿನ ಮುಂದೆಯೇ ಹತ್ತು ಗಂಟೆ. ತೋಟಗಳಿಗೆ ಹೋಗಿ ಹಾಳೆ ತರುವುದು, ಪೇಟೆಗೆ ತಲುಪಿಸುವುದು, ಬಾಕಿ ವಸೂಲಿ ಮಾಡುವುದು ಇದರ ಹೊರಗಿನ ಕೆಲಸ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಅಚ್ಚು ತಣ್ಣಗಾಗಿ ಮತ್ತೆ ಕಾಯುವವರೆಗೂ ಕಾಯಬೇಕು ಎಂಬುದು ನಿಮಗೇ ಗೊತ್ತಿದೆ. ಹಾಗಾಗಿ ಈಗಿನ ಉಳಿಕೆಯಲ್ಲಿ, ಈ ಒಂದು ಯಂತ್ರದಲ್ಲಿ, ಒಬ್ಬರ ದುಡಿಮೆಯಲ್ಲಿ ನಿಮ್ಮ ಮನೆ ನಡೆಯುವ ಬಿಂದುವನ್ನು ಮುಟ್ಟಲು ಸಾಧ್ಯವಿಲ್ಲ. ಇನ್ನಷ್ಟು ಹೊತ್ತು ದುಡಿಯುವುದು ಇದಕ್ಕೆ ಪರಿಹಾರವಲ್ಲ. ನೂರು ಹಾಳೆಯ ಉಳಿಕೆಯನ್ನು ಮೇಲೆತ್ತಬೇಕು.

ಉಳಿಕೆಯನ್ನು ಎತ್ತುವ ದಾರಿ ನಿಮ್ಮ ಪುಸ್ತಕದಲ್ಲಿಯೇ ಎರಡು ಕಾಣುತ್ತವೆ. ಮೊದಲನೆಯದು ಹಾಳಾಗುವ ಹಾಳೆ. ನೂರಕ್ಕೆ 12 ಎಂಬುದು ಹೆಚ್ಚಾಯಿತು. 6ಕ್ಕೆ ಇಳಿಸುವುದು ಸಾಧ್ಯ. ಅದಕ್ಕಾಗಿ ಹಾಳಾದದ್ದನ್ನು ಒಟ್ಟಿಗೆ ಎಣಿಸದೆ ಕಾರಣದ ಪ್ರಕಾರ ಬೇರೆ ಬೇರೆ ಎಣಿಸಿ. ಒತ್ತುವಾಗ ಮಡಿಕೆಯಲ್ಲಿ ಸೀಳಿದರೆ ಹಾಳೆ ಸಾಕಷ್ಟು ನೆನೆದಿಲ್ಲ ಅಥವಾ ಬಿಸಿಲಿಗೆ ಅತಿಯಾಗಿ ಒಣಗಿದೆ ಎಂದರ್ಥ. ತಟ್ಟೆಯ ಒಂದು ಬದಿ ಮಾತ್ರ ಕಂದಾಗಿ ಇನ್ನೊಂದು ಬದಿ ಮೆತ್ತಗೆ ಉಳಿದರೆ ದೋಷ ಹಾಳೆಯದಲ್ಲ, ಅಚ್ಚಿನ ಹೀಟರಿನದು. ಕಪ್ಪು ಚುಕ್ಕೆ ಕಂಡರೆ ಹಾಳೆ ಮರದಿಂದ ಬಿದ್ದ ಮೇಲೆ ಇಬ್ಬನಿಯಲ್ಲೋ ಮಳೆಯಲ್ಲೋ ನೆಲದಲ್ಲಿ ಉಳಿದಿದೆ. ಅದನ್ನು ಎಷ್ಟು ತೊಳೆದರೂ ಹೋಗುವುದಿಲ್ಲ, ಆ ತೋಟದವರ ಬಳಿ ಬಿದ್ದ ದಿನವೇ ಎತ್ತಿಡಲು ಕೇಳಿಕೊಂಡು, ಬೇಕಾದರೆ ಹಾಳೆಗೆ ಹತ್ತು ಪೈಸೆ ಹೆಚ್ಚು ಕೊಡುವುದು ಲಾಭ. ಕಟ್ಟಿಟ್ಟ ಮೇಲೆ ಬೂಸ್ಟು ಬರುವುದಾದರೆ ತಟ್ಟೆ ಒಣಗುವ ಮೊದಲೇ ಕಟ್ಟಿದ್ದೀರಿ. ಅದನ್ನು ಪರೀಕ್ಷಿಸುವುದು ಸುಲಭ: 25 ತಟ್ಟೆಯ ಒಂದು ಕಟ್ಟನ್ನು ತೂಗಿ, ಬಿಚ್ಚಿ, ಒಂದು ದಿನ ಬಿಸಿಲಿಗೆ ಹಾಕಿ ಮತ್ತೆ ತೂಗಿ, ತೂಕ ಇಳಿದರೆ ಅಷ್ಟು ನೀರು ಒಳಗಿತ್ತು.

ಎರಡನೆಯದು ಮಾರುವ ಬಾಗಿಲು. ಅಂಗಡಿಗೆ ಕೊಡುವ ತಟ್ಟೆಗೂ ಅಡುಗೆಯವರಿಗೆ ನೇರವಾಗಿ ಕೊಡುವ ತಟ್ಟೆಗೂ ಒಂದು ರೂಪಾಯಿ ವ್ಯತ್ಯಾಸವಿದೆ. ನೇರ ಮಾರಾಟ ಅರ್ಧದಿಂದ ನೂರಕ್ಕೆ 80ಕ್ಕೆ ಏರಿದರೆ ಸರಾಸರಿ ಬೆಲೆ 4.30 ಆಗುತ್ತದೆ. ಈ ಎರಡೂ ಕೈಗೂಡಿದರೆ ನೂರು ಹಾಳೆಯಿಂದ 94 ತಟ್ಟೆ ಮತ್ತು ಸುಮಾರು 65 ಬಟ್ಟಲು ಬಂದು, ಆದಾಯ 502 ರೂಪಾಯಿ, ತಲುಪಿಸುವ ಖರ್ಚೂ ಕಟ್ಟುವ ಖರ್ಚೂ ಸ್ವಲ್ಪ ಏರಿ ಒಟ್ಟು ವೆಚ್ಚ 237, ಉಳಿಕೆ 265. ಆಗ 31,000ಕ್ಕೆ ಬೇಕಾಗುವುದು 14,800 ಹಾಳೆಯಲ್ಲ, 11,700. ದಿನಕ್ಕೆ 470, ಅಚ್ಚಿನ ಮುಂದೆ ಎಂಟು ಗಂಟೆಗೆ ಸ್ವಲ್ಪ ಕಡಿಮೆ. ಇದು ಒಬ್ಬರು ದುಡಿಯಬಹುದಾದ ಅಳತೆ. ತೆರಿಗೆಯನ್ನು ನಾನು ಈ ಲೆಕ್ಕದಲ್ಲಿ ಹಿಡಿದಿಲ್ಲ, ಏಕೆಂದರೆ ಎಲೆ, ಹೂ, ತೊಗಟೆಯಿಂದ ಮಾಡಿದ ತಟ್ಟೆ ಬಟ್ಟಲುಗಳಿಗೆ 2019ರಲ್ಲಿ ಜಿ.ಎಸ್.ಟಿ. ವಿನಾಯಿತಿ ಕೊಡಲಾಯಿತು, ಆದರೆ ಅದೇ ಕಾರಣಕ್ಕೆ ನೀವು ಅಚ್ಚು, ಹೀಟರು ಕೊಳ್ಳುವಾಗ ಕಟ್ಟುವ ಜಿ.ಎಸ್.ಟಿ. ಹಿಂದಿರುಗಿ ಸಿಗುವುದಿಲ್ಲ, ಅದನ್ನು ಬೆಲೆಯ ಭಾಗವೆಂದೇ ಬರೆದುಕೊಳ್ಳಿ.

ಹಾಗಾದರೆ ವರ್ಷದ ಗುರಿ 1,40,400 ಹಾಳೆ, ಸುಮಾರು 7 ಲಕ್ಷ ರೂಪಾಯಿಯ ಮಾರಾಟ. ಈ ಗುರಿಯನ್ನು ಗೋಡೆಗೆ ಅಂಟಿಸುವ ಮೊದಲು ಅಷ್ಟು ಹಾಳೆ ಎಲ್ಲಿಂದ ಬರುತ್ತದೆ ಎಂದು ಎಣಿಸಿ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 540 ಅಡಿಕೆ ಮರ. ಮಳೆಗಾಲದಲ್ಲಿ ಬಿದ್ದದ್ದನ್ನೂ ಕಿರಿದಾದದ್ದನ್ನೂ ಬಿಟ್ಟರೆ ಮರವೊಂದರಿಂದ ವರ್ಷಕ್ಕೆ ತಟ್ಟೆಗೆ ಒದಗುವ ನಾಲ್ಕು ಹಾಳೆಯನ್ನು ನಂಬಬಹುದು. ಎಕರೆಗೆ 2,160. ಅಂದರೆ ನಿಮಗೆ 65 ಎಕರೆ ತೋಟದ ಹಾಳೆ ಬೇಕು. ನಿಮ್ಮದು ಒಂದು ಎಕರೆ. ನೆರೆಹೊರೆಯಲ್ಲಿ ಹೈನುಗಾರಿಕೆ ಇರುವವರು ಹಾಳೆಯನ್ನು ದನಕ್ಕೆ ಹಾಕುತ್ತಾರೆ, ಇನ್ನು ಕೆಲವರು ಬೇರೆ ಘಟಕಕ್ಕೆ ಕೊಡುತ್ತಿರಬಹುದು. ಪೆರ್ಲದಿಂದ ಮುಳ್ಳೇರಿಯದವರೆಗೆ ನೀವು ತಲುಪಬಲ್ಲ ತೋಟಗಳ ಪಟ್ಟಿ ಮಾಡಿ, ಎದುರಿಗೆ ಎಕರೆ ಬರೆದು, ಮಾತು ಕೊಟ್ಟವರನ್ನು ಮಾತ್ರ ಕೂಡಿಸಿ. ಕೂಡಿಸಿದಾಗ 40 ಎಕರೆ ಬಂದರೆ ನಿಮ್ಮ ವರ್ಷದ ಗುರಿ 86,000 ಹಾಳೆಯೇ ಹೊರತು ಒಂದು ಲಕ್ಷದ ನಲವತ್ತು ಸಾವಿರವಲ್ಲ; ದೂರದಿಂದ ತರಿಸಿದರೆ ಸಾಗಣೆಯಲ್ಲಿ ಉಳಿಕೆ ಕರಗುತ್ತದೆ.

ಇನ್ನು ತಿಂಗಳ ಗುರಿ. ವರ್ಷದ ಗುರಿಯನ್ನು ಹನ್ನೆರಡರಿಂದ ಭಾಗಿಸುವುದು ಒತ್ತುವ ಕೆಲಸಕ್ಕೆ ಮಾತ್ರ ಸರಿ, ಹಾಳೆ ಕೊಳ್ಳುವುದಕ್ಕೂ ಮಾರುವುದಕ್ಕೂ ಸರಿಯಲ್ಲ. ನಮ್ಮಲ್ಲಿ ಒಳ್ಳೆಯ ಹಾಳೆ ಸಿಗುವುದು ಡಿಸೆಂಬರಿನಿಂದ ಮೇ ವರೆಗೆ. ತಟ್ಟೆ ಖರ್ಚಾಗುವುದೂ ಅದೇ ಕಾಲದಲ್ಲಿ: ಮದುವೆ, ಉಪನಯನ, ಗೃಹಪ್ರವೇಶ, ಜಾತ್ರೆ, ನೇಮ, ಕಳಿಯಾಟ, ಉರೂಸ್ ಎಲ್ಲವೂ ಆಗಲೇ. ಜೂನಿನಲ್ಲಿ ಮಳೆ ಹಿಡಿದು, ಆಟಿ ಮುಗಿಯುವವರೆಗೆ ಶುಭಕಾರ್ಯಗಳಿಲ್ಲ. ಆಮೇಲೆ ಚಿಂಗ ಮಾಸ ಬಂದು, ಓಣಂ ಬಂದು ಬೇಡಿಕೆ ನಿಧಾನವಾಗಿ ಚಿಗುರುತ್ತದೆ. ಹಾಗಾಗಿ ಮಾರಾಟದ ಗುರಿಯನ್ನು ನಾನು ಹೀಗೆ ಹಂಚುತ್ತೇನೆ: ಡಿಸೆಂಬರಿನಿಂದ ಮೇ ವರೆಗಿನ ಆರು ತಿಂಗಳಲ್ಲಿ ತಲಾ ನೂರಕ್ಕೆ 12, ಜೂನ್ ಮತ್ತು ಜುಲೈ ತಲಾ 2, ಆಗಸ್ಟ್, ಸೆಪ್ಟೆಂಬರ್ ತಲಾ 5, ಅಕ್ಟೋಬರ್ 6, ನವೆಂಬರ್ 8. ನಿಮ್ಮದೇ ಮಾರಾಟದ ಪುಸ್ತಕ ಇದಕ್ಕಿಂತ ಬೇರೆ ಹೇಳಿದರೆ ಪುಸ್ತಕವನ್ನೇ ನಂಬಿ.

ಈ ಹಂಚಿಕೆಯನ್ನು ಹಣಕ್ಕೆ ತಿರುಗಿಸಿದಾಗ ಜೂನಿನಲ್ಲಿ ಕೆಲಸ ಬಿಡುವುದು ಏಕೆ ಅಪಾಯ ಎಂಬುದು ಗೊತ್ತಾಗುತ್ತದೆ. ಜೂನ್ ತಿಂಗಳ ಮಾರಾಟ ಸುಮಾರು 14,000. ಆ ತಿಂಗಳು ಮನೆಗೂ ಸ್ಥಿರ ಖರ್ಚಿಗೂ 31,000, ಒತ್ತುವ ಕೆಲಸಕ್ಕೆ ಕೂಲಿ, ವಿದ್ಯುತ್ತು, ಕಟ್ಟುವ ಮತ್ತು ತಲುಪಿಸುವ ಖರ್ಚು ಸೇರಿ 13,000, ಒಟ್ಟು 44,000. ಕೊರತೆ 30,000. ಜುಲೈಯಲ್ಲಿಯೂ ಅಷ್ಟೇ. ಆಗಸ್ಟ್, ಸೆಪ್ಟೆಂಬರಿನಲ್ಲಿ ತಲಾ 9,000ದಷ್ಟು, ಅಕ್ಟೋಬರಿನಲ್ಲಿ ಸುಮಾರು 2,000. ನವೆಂಬರಿನಲ್ಲಿ ಮಾತ್ರ ಲೆಕ್ಕ ಮೇಲಕ್ಕೆ ತಿರುಗುತ್ತದೆ. ಐದು ತಿಂಗಳ ಕೊರತೆ ಒಟ್ಟು 80,000. ಇದಲ್ಲದೆ ಮಳೆಗಾಲದ ಆರು ತಿಂಗಳಿಗೆ ಬೇಕಾದ 70,000 ಹಾಳೆಯನ್ನು ಮೇ ಮುಗಿಯುವುದರೊಳಗೆ ಕೊಂಡು ಒಣಗಿಸಿ ಅಟ್ಟದ ಮೇಲೆ ಇಟ್ಟಿರಬೇಕು. ಅದರಲ್ಲಿ ಸಿಕ್ಕಿಕೊಳ್ಳುವ ಹಣ ಸುಮಾರು 88,000. ಗಮನಿಸಿ, ಇದು ನಷ್ಟದಲ್ಲಿರುವ ಘಟಕದ ಚಿತ್ರವಲ್ಲ. ಇಡೀ ವರ್ಷಕ್ಕೆ ನೋಡಿದರೆ ಕೂಡಿದ್ದೂ ಕಳೆದದ್ದೂ ಸರಿಯಾಗಿ ಹೊಂದುವ ಘಟಕ ಇದು. ವರ್ಷದ ಲೆಕ್ಕದಲ್ಲಿ ಸರಿಯಿರುವ ಘಟಕವೇ ಆಟಿ ತಿಂಗಳಲ್ಲಿ ಕಂತು ಕಟ್ಟಲಾರದೆ ಬಾಗಿಲು ಹಾಕಬಹುದು.

ಆದ್ದರಿಂದ ನನ್ನ ಸಲಹೆ: ಕೆಲಸ ಬಿಡುವುದಾದರೆ ಡಿಸೆಂಬರ್ 1ಕ್ಕೆ ಬಿಡಿ, ಜೂನಿನಲ್ಲಿ ಬೇಡ. ನಡುವಿನ ಆರು ತಿಂಗಳ ಸಂಬಳ ನಿಮ್ಮ ಮಳೆಗಾಲದ ಕೊರತೆಯನ್ನು ತುಂಬುತ್ತದೆ. ಆ ಕಾಲದಲ್ಲಿ ಮಾಡಬೇಕಾದ ಕೆಲಸವೂ ಇದೆ. ಡಿಸೆಂಬರಿನಿಂದ ಮೇ ವರೆಗಿನ ಋತುವಿನ ಆರು ತಿಂಗಳು ನೀವು ತಿಂಗಳಿಗೆ 16,800 ಹಾಳೆಯ ತಟ್ಟೆ ಮಾರಬೇಕು, ಆದರೆ ಒತ್ತುವುದು 11,700. ವ್ಯತ್ಯಾಸವಾದ 5,100, ಆರು ತಿಂಗಳಿಗೆ ಸುಮಾರು 30,000, ಡಿಸೆಂಬರ್ ಒಂದಕ್ಕೆ ಕಟ್ಟಿದ ತಟ್ಟೆಯಾಗಿ ಕೋಣೆಯಲ್ಲಿರಬೇಕು. ನಿಮ್ಮ ಸಂಜೆಯ ದುಡಿಮೆಯಿಂದ, ಮಳೆಗಾಲದ ಮಾರಾಟ ಕಳೆದು, ಅದರ ಮೂರನೇ ಒಂದು ಭಾಗ ಆಗಬಹುದು. ಉಳಿದದ್ದಕ್ಕೆ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಒಬ್ಬರನ್ನು ಹಗಲಿನ ಒತ್ತುವ ಕೆಲಸಕ್ಕೆ ಇಟ್ಟುಕೊಳ್ಳಿ, ಅವರ ಕೂಲಿಯನ್ನು ಆರಂಭದ ಬಂಡವಾಳದಲ್ಲಿ ಬರೆಯಿರಿ.

ಕೂಲಿಗೆ ಒಬ್ಬರನ್ನು ಇಡುವ ಈ ಉಪಾಯಕ್ಕೆ ಇನ್ನೂ ದೊಡ್ಡ ಉಪಯೋಗವಿದೆ. ಹಾಳಾಗುವ ಪ್ರಮಾಣವನ್ನೂ ನೇರ ಮಾರಾಟದ ಪಾಲನ್ನೂ ನೀವು ಸಂಬಳದಲ್ಲಿರುತ್ತಲೇ ಸುಧಾರಿಸಿ ತೋರಿಸಬಹುದು, ಅದಕ್ಕೆ ಕೆಲಸ ಬಿಡುವ ಅಗತ್ಯವಿಲ್ಲ. ಬಿಟ್ಟ ಮೇಲೆ ಮಾತ್ರ ಗೊತ್ತಾಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುವುದು ಪ್ರಮಾಣದ ಪ್ರಶ್ನೆಯನ್ನು: ಈಗಿನ ಮೂರು ಪಟ್ಟು ತಟ್ಟೆಯನ್ನು ಕೊಳ್ಳುವವರು ಇದ್ದಾರೆಯೇ? ಅದನ್ನೂ ಮೊದಲೇ ಪರೀಕ್ಷಿಸಬಹುದು. ಈ ಋತುವಿನ ಎರಡು ತಿಂಗಳು ದಿನಕ್ಕೆ 700 ರೂಪಾಯಿ ಕೊಟ್ಟು ಒಬ್ಬರಿಂದ ಹಗಲು ಒತ್ತಿಸಿ. ದಿನಕ್ಕೆ 470 ಹಾಳೆ ಒತ್ತಿದರೆ ಈಗಿನ ದುರ್ಬಲ ಉಳಿಕೆಯಲ್ಲಿಯೂ 987 ರೂಪಾಯಿ ಬರುತ್ತದೆ. ಕೂಲಿ ಕೊಟ್ಟು 287 ಉಳಿಯುತ್ತದೆ. ನಿಮಗೆ ನಷ್ಟವಿಲ್ಲ, ಸಂಬಳ ಹಾಗೆಯೇ ಇದೆ, ಮತ್ತು ಕುಂಬಳೆ, ಉಪ್ಪಳ, ಮಂಗಳೂರಿನ ಅಡುಗೆಯವರು ತಿಂಗಳಿಗೆ ಹನ್ನೊಂದು ಸಾವಿರ ತಟ್ಟೆಯನ್ನು ನಿಮ್ಮ ಬೆಲೆಗೆ ಎತ್ತುತ್ತಾರೋ ಇಲ್ಲವೋ ಎಂಬುದಕ್ಕೆ ನಿಜವಾದ ಉತ್ತರ ಸಿಗುತ್ತದೆ. ಎತ್ತದೆ ತಟ್ಟೆ ಕೋಣೆಯಲ್ಲಿ ಉಳಿದರೆ ಅದು ಡಿಸೆಂಬರಿಗೆ ಬೇಕಾದ ದಾಸ್ತಾನಾಗುತ್ತದೆ, ಆದರೆ ಕೆಲಸ ಬಿಡುವ ಮಾತನ್ನು ಒಂದು ವರ್ಷ ಮುಂದೂಡಬೇಕು.

ರಫ್ತಿನ ವಿಚಾರವನ್ನು ನೀವು ಪತ್ರದ ಕೊನೆಯಲ್ಲಿ ಒಂದು ಸಾಲಿನಲ್ಲಿ ಬರೆದಿದ್ದೀರಿ. ಅದನ್ನು ಆದಾಯದ ಯೋಜನೆಯಲ್ಲಿ ಸೇರಿಸಬೇಡಿ. ಅಡಿಕೆ ಹಾಳೆಯ ತಟ್ಟೆಗಳು ಆಹಾರಕ್ಕೆ ತಾಗುವ ಬಳಕೆಗೆ ಅನುಮತಿ ಪಡೆದವಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಎಚ್ಚರಿಕೆ ಕೊಟ್ಟಿದೆ. ಇದರಿಂದ ನಿಮಗೆ ನೇರ ತೊಂದರೆ ಇಲ್ಲ; ಆದರೆ ರಫ್ತಿಗೆ ಮಾಡುತ್ತಿದ್ದ ದೊಡ್ಡ ಘಟಕಗಳ ಸರಕು ಊರ ಮಾರುಕಟ್ಟೆಗೆ ತಿರುಗಿದರೆ ಮೊದಲು ಇಳಿಯುವುದು ಅಂಗಡಿಯವರು ಕೊಡುವ ಬೆಲೆ. ಆದ್ದರಿಂದ ಅಂಗಡಿ ಬೆಲೆ 3.50ರಿಂದ 3ಕ್ಕೆ ಇಳಿದರೆ ನಿಮ್ಮ ಉಳಿಕೆ ಎಷ್ಟಾಗುತ್ತದೆ ಎಂದು ಈಗಲೇ ಬರೆದಿಡಿ. ನೇರ ಮಾರಾಟ 80 ಆಗಿದ್ದರೆ ನೂರು ಹಾಳೆಗೆ 9 ರೂಪಾಯಿ ಮಾತ್ರ ಕಡಿಮೆಯಾಗುತ್ತದೆ. ಅರ್ಧವೇ ಆಗಿದ್ದರೆ 22 ರೂಪಾಯಿ. ನೇರ ಗಿರಾಕಿಗಳ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಹೆಚ್ಚಿನ ಬೆಲೆಯಷ್ಟೇ ಈ ರಕ್ಷಣೆಯೂ ಕಾರಣ.

ಸಬ್ಸಿಡಿಯ ಬಗ್ಗೆಯೂ ಒಂದು ಮಾತು. ಕೇಂದ್ರ ಸರಕಾರದ ಸ್ವಂತ ಉದ್ಯಮದ ಸಾಲ ಯೋಜನೆಯಾದ ಪಿ.ಎಂ.ಇ.ಜಿ.ಪಿ.ಯಂಥದ್ದರಲ್ಲಿ ಸಹಾಯಧನ ನಿಮ್ಮ ಕೈಗೆ ನಗದಾಗಿ ಬರುವುದಿಲ್ಲ. ಬ್ಯಾಂಕಿನಲ್ಲಿ ನಿಮ್ಮ ಸಾಲದ ಎದುರು ಮೂರು ವರ್ಷ ಠೇವಣಿಯಾಗಿ ಉಳಿದು, ಘಟಕ ನಡೆಯುತ್ತಿದೆ ಎಂದು ಖಚಿತವಾದ ಮೇಲೆ ಸಾಲಕ್ಕೆ ಹೊಂದಿಕೆಯಾಗುತ್ತದೆ. ಎರಡನೇ ಯಂತ್ರಕ್ಕೆ ಅಂಥ ಸಾಲ ಪಡೆಯುವುದಾದರೂ ಸಹಾಯಧನವನ್ನು ಮೊದಲ ವರ್ಷದ ಆದಾಯವೆಂದು ಬರೆಯಬೇಡಿ.

ಕೆಲಸ ಬಿಡುವ ದಿನ ಕೈಯಲ್ಲಿರಬೇಕಾದ ಹಣವನ್ನು ಈಗ ಹೇಳಬಹುದು. ಋತುವಿನ ಪ್ರತಿ ತಿಂಗಳು ಮುಂದಿನ ಮಳೆಗಾಲದ ಹಾಳೆಯನ್ನೂ ಕೊಂಡ ಮೇಲೆ ಸುಮಾರು 11,000 ಮಿಗುತ್ತದೆ. ಆರು ತಿಂಗಳಿಗೆ 67,000. ಬರುವ ಕೊರತೆ 80,000. ಇದರ ಮೇಲೆ ಅಂಗಡಿಗಳು ಹಣ ಕೊಡಲು ಒಂದೂವರೆ ತಿಂಗಳು ತೆಗೆದುಕೊಳ್ಳುವುದರಿಂದ ಋತುವಿನಲ್ಲಿ ಸುಮಾರು 25,000 ಹೊರಗೇ ಇರುತ್ತದೆ. ಮೊದಲ ಋತುವಿನಲ್ಲಿ ಮಾರಾಟ ಎಣಿಸಿದ್ದಕ್ಕಿಂತ ಕಡಿಮೆಯಾಗುವ ಸಾಧ್ಯತೆಯೇ ಹೆಚ್ಚು. ಇದೆಲ್ಲ ಸೇರಿ 1,25,000 ರೂಪಾಯಿ, ಅಂದರೆ ನಾಲ್ಕು ತಿಂಗಳ ಪೂರ್ಣ ಖರ್ಚು, ದಾಸ್ತಾನನ್ನು ಬಿಟ್ಟು ಬೇರೆಯಾಗಿ ಬ್ಯಾಂಕಿನಲ್ಲಿರಲಿ. ಪಿ.ಎಫ್. ಹಣವನ್ನು ತೆಗೆದು ಇದಕ್ಕೆ ಹಾಕಬೇಡಿ. ಮನೆಯವರ ಚಿನ್ನವನ್ನು ಅಡವಿಟ್ಟು ಈ ಮೊತ್ತ ಮಾಡಬೇಡಿ. ಅದರ ಬಡ್ಡಿ ಸ್ಥಿರ ಖರ್ಚಿಗೆ ಸೇರಿ ಬ್ರೇಕ್ ಈವನ್ ಬಿಂದುವನ್ನೇ ಮೇಲಕ್ಕೆ ತಳ್ಳುತ್ತದೆ.

ಪ್ರತಿ ತಿಂಗಳ ಒಂದನೇ ತಾರೀಕಿಗೆ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ: ಒತ್ತಿದ ಹಾಳೆ ಎಷ್ಟು, ಅದರಲ್ಲಿ ಒಳ್ಳೆಯ ತಟ್ಟೆ ಎಷ್ಟು, ನೇರವಾಗಿ ಹೋದದ್ದು ಎಷ್ಟು, ಕೈಗೆ ಬಂದ ಹಣ ಎಷ್ಟು, ಬಾಕಿ ಎಷ್ಟು. ಮಾರಾಟವನ್ನು ಗುರಿಗೆ ಹೋಲಿಸುವಾಗ ಆ ತಿಂಗಳಿನದನ್ನಷ್ಟೇ ನೋಡದೆ ಡಿಸೆಂಬರಿನಿಂದ ಈವರೆಗಿನ ಒಟ್ಟನ್ನು ನೋಡಿ, ಏಕೆಂದರೆ ಒಂದು ದೊಡ್ಡ ಜಾತ್ರೆ ಹಿಂದುಮುಂದಾದರೂ ಎರಡು ತಿಂಗಳ ಅಂಕಿ ಅದಲುಬದಲಾಗುತ್ತದೆ. ಬಾಕಿ ಮಾತ್ರ ಮೂರು ತಿಂಗಳು ಸತತವಾಗಿ ಏರುತ್ತಿದ್ದರೆ, ಮಾರಾಟದ ಅಂಕಿ ಎಷ್ಟೇ ಚೆನ್ನಾಗಿರಲಿ, ನೀವು ತಟ್ಟೆಯನ್ನು ಸಾಲಕ್ಕೆ ಹಂಚುತ್ತಿದ್ದೀರಿ. ಆ ಅಂಗಡಿಗೆ ಹಳೆಯ ಬಾಕಿ ಬರುವವರೆಗೆ ಹೊಸ ಕಟ್ಟು ಕೊಡಬೇಡಿ.

ಕೊನೆಯದಾಗಿ, ಕೆಲಸ ಬಿಟ್ಟ ಮೇಲಿನ ಮಾರ್ಚ್ 31ನ್ನು ತಪಾಸಣೆಯ ದಿನವಾಗಿ ಇಟ್ಟುಕೊಳ್ಳಿ. ಡಿಸೆಂಬರಿನಿಂದ ನಾಲ್ಕು ತಿಂಗಳಲ್ಲಿ 67,000 ಹಾಳೆಯ ತಟ್ಟೆ ಮಾರಾಟವಾಗಿರಬೇಕು. 55,000 ದಾಟಿದ್ದರೆ ಮುಂದುವರಿಯಬಹುದು, ಏಪ್ರಿಲ್ ಮತ್ತು ಮೇ ತಿಂಗಳು ಉಳಿದಿವೆ. 45,000ದ ಒಳಗೇ ಇದ್ದರೆ ಆ ವರ್ಷದ ಮಳೆಗಾಲವನ್ನು ಮೀಸಲು ಹಣ ದಾಟಿಸಲಾರದು. ಆಗ ಮಳೆಗಾಲಕ್ಕಾಗಿ 70,000 ಹಾಳೆ ಕೊಳ್ಳುವುದನ್ನು ನಿಲ್ಲಿಸಿ, ಅರ್ಧದಷ್ಟನ್ನು ಮಾತ್ರ ಕೊಂಡು, ಜೂನಿನಿಂದ ನವೆಂಬರ್ ವರೆಗೆ ಲೆಕ್ಕ ಬರೆಯುವ ಕೆಲಸವನ್ನು ಅರೆಕಾಲಕ್ಕಾದರೂ ಹಿಡಿಯಬೇಕು. ಆದ್ದರಿಂದ ಈಗಿನ ಮಾಲಿಕರೊಂದಿಗೆ ಕೆಲಸ ಬಿಡುವ ಮಾತನ್ನು ಆಡುವಾಗಲೇ, ಮಳೆಗಾಲದಲ್ಲಿ ವಾರಕ್ಕೆ ಮೂರು ದಿನ ಬಂದು ಲೆಕ್ಕ ನೋಡಿಕೊಡುವ ಏರ್ಪಾಡು ಸಾಧ್ಯವೇ ಎಂದು ಕೇಳಿನೋಡಿ.